ಊರಿಗೆ ಬಂದರೂ ಪರದೇಶದಲ್ಲೇ ಉಳಿದ ಫೋನು

ದುಬೈಯಲ್ಲಿರುವ ಮಗನ ಮನೆಗೆ ಹೋಗಿ ಮರಳಿದ ಉಡುಪಿ ಕಡೆಯ ಹಿರಿಯ ದಂಪತಿ ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿದರು. ಇಬ್ಬರದೂ ಒಂದೇ ಕಂಪನಿಯ ಕರ್ನಾಟಕದ ಸಿಮ್. ವಿಮಾನದಿಂದ ಇಳಿದು ಫ್ಲೈಟ್ ಮೋಡ್ ತೆಗೆದದ್ದೇ ತಡ, ಹೆಂಡತಿಯ ಫೋನಿಗೆ ಊರಿನಿಂದ ಕರೆ ಬಂತು. ಗಂಡನ ಫೋನಿನಲ್ಲಿ ಮಾತ್ರ `Emergency calls only` ಎಂಬ ಸಾಲು ನಿಂತುಬಿಟ್ಟಿತು. ಪರದೆಯನ್ನು ಮೇಲಿನಿಂದ ಎಳೆದರೆ, ಆಯ್ಕೆ ಮಾಡಿದ ನೆಟ್‌ವರ್ಕ್ ಸಿಗುತ್ತಿಲ್ಲ ಎಂಬ ಸೂಚನೆ, ಅದರ ಜೊತೆಗೆ ದುಬೈಯ ಕಂಪನಿಯ ಹೆಸರು. ಗಡಿಯಾರವೂ ಒಂದೂವರೆ ಗಂಟೆ ಹಿಂದಿತ್ತು. ಕರೆದೊಯ್ಯಲು ಬಂದ ಕಾರಿನವನಿಗೆ ಅವರ ನಂಬರ್ ಸಿಗಲಿಲ್ಲ. ಮನೆ ತಲುಪಿದ ಮೇಲೆ ಬ್ಯಾಂಕಿನ ಒಟಿಪಿಯೂ ಬರಲಿಲ್ಲ.

ವಿದೇಶದಿಂದ ಮರಳಿದವರಿಗೆ ಇದು ಆಗಾಗ ಎದುರಾಗುವ ತೊಂದರೆ. ಸಿಮ್ ಕೆಟ್ಟಿತೆಂದು ಹೊಸ ಸಿಮ್ ಕೊಳ್ಳುವವರಿದ್ದಾರೆ, ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡಿಸುವವರೂ ಇದ್ದಾರೆ. ಬಹುಪಾಲು ಸಂದರ್ಭಗಳಲ್ಲಿ ಎರಡೂ ಬೇಕಿಲ್ಲ. ಒಂದೇ ಜಾಗ, ಒಂದೇ ಕಂಪನಿ, ಆದರೂ ಹೆಂಡತಿಯ ಫೋನು ಸರಿಯಿದೆ ಎಂದರೆ ಸಿಗ್ನಲ್‌ಗೆ ಕೊರತೆಯಿಲ್ಲ. ಕೊರತೆ ಇರುವುದು ಗಂಡನ ಫೋನಿನ ನೆನಪಿನಲ್ಲಿ. ಯಾವ ನೆನಪು ಹಳತಾಗಿದೆ ಎಂದು ತಿಳಿದರೆ ಅದನ್ನಷ್ಟೇ ಸರಿಪಡಿಸಿದರೆ ಸಾಕು.

ಟವರ್ ಹೇಳುವ ಅಂಕಿ

ನೆಟ್‌ವರ್ಕ್ ಹಿಡಿಯುವಾಗ ಫೋನು ತಾನು ಯಾವ ಊರಿನಲ್ಲಿದ್ದೇನೆ ಎಂದು ನಕ್ಷೆ ನೋಡಿ ತಿಳಿಯುವುದಿಲ್ಲ. ಪ್ರತಿ ಟವರ್ ತನ್ನ ಗುರುತಿನ ಅಂಕಿಯನ್ನು ಬಿಡದೆ ಸಾರುತ್ತಿರುತ್ತದೆ. ಅದರ ಮೊದಲ ಮೂರು ಅಂಕಿ ದೇಶದ್ದು. ಭಾರತಕ್ಕೆ 404 ಮತ್ತು 405, ಯು.ಎ.ಇ.ಗೆ 424, ನೇಪಾಳಕ್ಕೆ 429. ಅದರ ಮುಂದಿನ ಎರಡು ಅಥವಾ ಮೂರು ಅಂಕಿ ಕಂಪನಿಯದು. ಭಾರತದಲ್ಲಿ ಒಂದೇ ಕಂಪನಿಗೂ ವಲಯಕ್ಕೊಂದು ಅಂಕಿ ಇದೆ. ಕರ್ನಾಟಕದ ಏರ್‌ಟೆಲ್‌ಗೆ 404 45, ಕರ್ನಾಟಕದ ಬಿಎಸ್‌ಎನ್‌ಎಲ್‌ಗೆ 404 71. ನಿಮ್ಮ ಸಿಮ್‌ನೊಳಗಿರುವ ಹದಿನೈದು ಅಂಕಿಯ ಗುರುತೂ ಹೀಗೆಯೇ ಆರಂಭವಾಗುತ್ತದೆ. ಟವರಿನ ಅಂಕಿಯೂ ಸಿಮ್‌ನ ಅಂಕಿಯೂ ಹೊಂದಿದರೆ ಫೋನು ತವರಿನಲ್ಲಿದೆ. ಹೊಂದದಿದ್ದರೆ ಅದು ರೋಮಿಂಗ್‌ನಲ್ಲಿದೆ, ಪರದೆಯ ಮೇಲೆ R ಅಕ್ಷರ ಕಾಣಿಸುತ್ತದೆ.

ಆನ್ ಮಾಡಿದ ಕೂಡಲೇ ಫೋನು ಎಲ್ಲ ಟವರ್‌ಗಳನ್ನೂ ಸಮನಾಗಿ ನೋಡುವುದಿಲ್ಲ, ಅದಕ್ಕೊಂದು ಕ್ರಮವಿದೆ. ಸಾಮಾನ್ಯವಾಗಿ ಮೊದಲು ಹುಡುಕುವುದು ಕೊನೆಯ ಬಾರಿ ಸೇರಿಕೊಂಡಿದ್ದ ನೆಟ್‌ವರ್ಕನ್ನು. ಅದು ಸಿಗದಿದ್ದರೆ ತವರಿನ ನೆಟ್‌ವರ್ಕ್. ಅದೂ ಇಲ್ಲದಿದ್ದರೆ ಸಿಮ್‌ನಲ್ಲಿ ಬರೆದಿಟ್ಟ ಒಪ್ಪಂದದ ಕಂಪನಿಗಳು, ಆಮೇಲೆ ಉಳಿದವು. ಆದ್ದರಿಂದ ದುಬೈಯಿಂದ ಬಂದ ಫೋನು ಮಂಗಳೂರಿನಲ್ಲಿ ಮೊದಲು ದುಬೈಯ ಕಂಪನಿಯನ್ನೇ ಹುಡುಕಿದರೆ ಅದು ದೋಷವಲ್ಲ. ಸಿಗದೆ ಹೋದಾಗ ತವರಿನ ಕಡೆ ಹೊರಳುತ್ತದೆ. ಇಷ್ಟಕ್ಕೆ ಒಂದೆರಡು ನಿಮಿಷ, ಹೆಚ್ಚೆಂದರೆ ನಾಲ್ಕೈದು ನಿಮಿಷ ಹಿಡಿಯಬಹುದು. ಅಷ್ಟರೊಳಗೆ ಏನನ್ನೂ ಮುಟ್ಟದಿರುವುದು ಒಳ್ಳೆಯದು.

ಐದು ನಿಮಿಷ ಕಳೆದರೂ ಹೊರಳದಿದ್ದರೆ ಮೂರು ಕಡೆ ನೋಡಬೇಕು. ಒಂದು, ಫೋನಿನಲ್ಲಿ ನಾವೇ ಮಾಡಿಟ್ಟ ಆಯ್ಕೆ. ಎರಡು, ಸಿಮ್‌ನಲ್ಲಿ ಉಳಿದ ದಾಖಲೆ; ಕೊನೆಗೆ ಎಲ್ಲಿ ಸೇರಿಕೊಂಡಿದ್ದೆ, ಯಾವ ನೆಟ್‌ವರ್ಕ್ ನನ್ನನ್ನು ಸೇರಿಸಿಕೊಳ್ಳಲಿಲ್ಲ ಎಂಬುದನ್ನು ಸಿಮ್ ಬರೆದಿಟ್ಟುಕೊಂಡಿರುತ್ತದೆ. ಮೂರು, ನಿಮ್ಮ ಕಂಪನಿಯ ಕೇಂದ್ರದಲ್ಲಿರುವ ದಾಖಲೆ. ನೀವು ಈಗ ಯಾವ ದೇಶದ ಯಾವ ಕಂಪನಿಯ ಕೈಯಲ್ಲಿದ್ದೀರಿ ಎಂದು ಅದು ಹೇಳುತ್ತದೆ. ಕಂಪನಿಯವರು ಇದನ್ನು ಎಚ್‌ಎಲ್‌ಆರ್ ಎನ್ನುತ್ತಾರೆ.

ಕರೆ ಮತ್ತು ಒಟಿಪಿ ಯಾಕೆ ಬರುವುದಿಲ್ಲ ಎಂಬುದಕ್ಕೆ ಕಾರಣ ಈ ಮೂರನೆಯ ದಾಖಲೆ. ನಿಮಗೆ ಯಾರಾದರೂ ಕರೆ ಮಾಡಿದರೆ ಕಂಪನಿ ಮೊದಲು ಈ ದಾಖಲೆ ನೋಡುತ್ತದೆ. ಊರಿನ ಟವರಿಗೆ ಫೋನು ಇನ್ನೂ ಸೇರಿಕೊಂಡಿಲ್ಲವಾದ್ದರಿಂದ ಅಲ್ಲಿ ದುಬೈ ಎಂದೇ ಇರುತ್ತದೆ, ಕರೆ ಅತ್ತ ಹೋಗುತ್ತದೆ. ಕರೆ ಮಾಡಿದವರಿಗೆ ಕೆಲವೊಮ್ಮೆ ಅರಬ್ಬಿಯಲ್ಲಿ ಪ್ರಕಟಣೆ ಕೇಳಿಸುವುದು ಇದರಿಂದಲೇ. ಎಸ್‌ಎಂಎಸ್‌ಗಳು ಕೇಂದ್ರದಲ್ಲಿ ಕಾದಿರುತ್ತವೆ. ಫೋನು ಊರಿನ ಟವರಿಗೆ ಸೇರಿದ ಕ್ಷಣ ಈ ದಾಖಲೆ ತಾನಾಗಿ ಬದಲಾಗುತ್ತದೆ, ದುಬೈಯ ಕಂಪನಿಗೆ ‘ಇವರನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ’ ಎಂಬ ಸೂಚನೆ ಹೋಗುತ್ತದೆ, ಕಾದಿದ್ದ ಸಂದೇಶಗಳು ಒಟ್ಟಿಗೆ ಬಂದು ಬೀಳುತ್ತವೆ. ಅವುಗಳಲ್ಲಿರುವ ಒಟಿಪಿಗಳ ಅವಧಿ ಆಗಲೇ ಮುಗಿದಿರುವುದರಿಂದ ಹೊಸದಾಗಿ ತರಿಸಿಕೊಳ್ಳಬೇಕು.

ಆ ಟವರ್ ನಿಜಕ್ಕೂ ಇಲ್ಲಿದೆಯೇ?

ಪರದೆಯ ಮೇಲೆ ಪರದೇಶದ ಹೆಸರು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ದುಬೈಯ ಸಿಗ್ನಲ್ ಸಿಗಲು ಸಾಧ್ಯವೇ ಇಲ್ಲ. ಆದ್ದರಿಂದ ಅಲ್ಲಿ ಕಾಣುವ ಹೆಸರು ಕೇವಲ ಹಳೆಯ ನೆನಪು. ಆದರೆ ನೆಲದ ಗಡಿ ದಾಟಿ ಬಂದವರ ವಿಷಯ ಬೇರೆ.

ಕರ್ನಾಟಕದಿಂದ ಮುಕ್ತಿನಾಥ, ಪಶುಪತಿನಾಥ ಯಾತ್ರೆಗೆ ಹೋಗುವ ಎಷ್ಟೋ ತಂಡಗಳು ಬಸ್ಸಿನಲ್ಲಿ ಸೋನೌಲಿ ಅಥವಾ ರಕ್ಸೌಲ್ ಗಡಿ ದಾಟುತ್ತವೆ. ಮರಳುವಾಗ ಭಾರತದ ಕಡೆ ಬಂದು ಚಹಾ ಕುಡಿಯಲು ನಿಂತರೂ ಫೋನು ನೇಪಾಳದ ಕಂಪನಿಯನ್ನೇ ತೋರಿಸುತ್ತಿರುತ್ತದೆ. ಇಲ್ಲಿ ಅದು ನೆನಪಲ್ಲ, ನಿಜವಾದ ಟವರ್. ರೇಡಿಯೊ ಅಲೆಗೆ ಗಡಿಯ ಕಂಬ ಅಡ್ಡಬರುವುದಿಲ್ಲ. ಇದರ ಜೊತೆಗೆ ಇನ್ನೊಂದು ನಿಯಮವೂ ಸೇರಿಕೊಳ್ಳುತ್ತದೆ. ರೋಮಿಂಗ್‌ನಲ್ಲಿರುವ ಫೋನು ಆಗಾಗ ಇದಕ್ಕಿಂತ ಉತ್ತಮ ಆಯ್ಕೆ ಇದೆಯೇ ಎಂದು ಹುಡುಕುತ್ತದೆ, ನಿಜ. ಆದರೆ ಜಗತ್ತಿನೆಲ್ಲೆಡೆ ಒಪ್ಪಿಕೊಂಡಿರುವ ಮಾನದಂಡದ ಪ್ರಕಾರ ಆ ಹುಡುಕಾಟ ತಾನು ಈಗ ಸೇರಿಕೊಂಡಿರುವ ದೇಶದ ಕಂಪನಿಗಳಿಗೆ ಸೀಮಿತ. ನೇಪಾಳದ ಟವರ್ ಹಿಡಿದಿರುವ ಫೋನು, ಆ ಸಿಗ್ನಲ್ ಕೈಬಿಡುವವರೆಗೆ ಭಾರತದ ಟವರನ್ನು ಹುಡುಕಲು ಹೊರಡುವುದಿಲ್ಲ. ಈ ಹೊತ್ತಿನಲ್ಲಿ ಮಾಡಿದ ಕರೆಗೆ, ಬಳಸಿದ ಡೇಟಾಕ್ಕೆ ಅಂತಾರಾಷ್ಟ್ರೀಯ ರೋಮಿಂಗ್ ದರವೇ ಬೀಳುತ್ತದೆ.

ಇದನ್ನು ಪತ್ತೆ ಮಾಡಲು ಗಡಿಯಾರ ಒಳ್ಳೆಯ ಸುಳಿವು. ಫೋನಿನ ಸಮಯ ‘ಸ್ವಯಂಚಾಲಿತ’ ಎಂದಿದ್ದರೆ ಅದು ಹೆಚ್ಚಾಗಿ ನೆಟ್‌ವರ್ಕ್ ಕಳಿಸುವ ಸಮಯವನ್ನು ಅನುಸರಿಸುತ್ತದೆ. ನೇಪಾಳ ನಮಗಿಂತ 15 ನಿಮಿಷ ಮುಂದೆ, ದುಬೈ ಒಂದೂವರೆ ಗಂಟೆ ಹಿಂದೆ. ಗಡಿ ದಾಟಿದ ಮೇಲೂ ಕೈಗಡಿಯಾರಕ್ಕಿಂತ ಫೋನು 15 ನಿಮಿಷ ಮುಂದಿದ್ದರೆ ಅದು ಇನ್ನೂ ನೇಪಾಳದ ಟವರಿನಲ್ಲೇ ಇದೆ ಎನ್ನಬಹುದು. ವೈಫೈ ಸಿಕ್ಕಿದಾಗ ಕೆಲವು ಫೋನುಗಳು ಅಲ್ಲಿಂದಲೇ ಸಮಯ ಸರಿಪಡಿಸಿಕೊಳ್ಳುತ್ತವೆ, ಹಾಗಾಗಿ ವೈಫೈ ಆಫ್ ಇರುವಾಗ ಈ ಸುಳಿವು ನೋಡಬೇಕು.

ಗಡಿಯಲ್ಲಿ ಮೊದಲು ಡೇಟಾ ರೋಮಿಂಗ್ ಆಫ್ ಮಾಡಿ. ಬಸ್ಸು ಭಾರತದೊಳಗೆ ಒಂದಷ್ಟು ದೂರ ಬಂದ ಮೇಲೆ ಫ್ಲೈಟ್ ಮೋಡ್ ಹಾಕಿ ತೆಗೆದರೆ ಸಾಮಾನ್ಯವಾಗಿ ಸಾಕು, ಅಷ್ಟರಲ್ಲಿ ನೇಪಾಳದ ಸಿಗ್ನಲ್ ಹಿಂದೆ ಉಳಿದಿರುತ್ತದೆ. ರಾತ್ರಿ ಗಡಿಯೂರಿನಲ್ಲೇ ತಂಗಬೇಕಾದರೆ ಮಾತ್ರ ನೆಟ್‌ವರ್ಕನ್ನು ಕೈಯಿಂದ ಆರಿಸಿ ಭಾರತದ ಕಂಪನಿಗೆ ಕಟ್ಟಿಹಾಕಬೇಕಾಗುತ್ತದೆ. ಅಲ್ಲಿಂದ ಹೊರಟ ಮೇಲೆ ಮತ್ತೆ ಸ್ವಯಂಚಾಲಿತಕ್ಕೆ ತರಲು ಮರೆಯಬಾರದು. ಮರೆತರೆ ಏನಾಗುತ್ತದೆ ಎಂಬುದಕ್ಕೆ ಉಡುಪಿಯ ಹಿರಿಯರ ಫೋನೇ ಉದಾಹರಣೆ.

ಆಫ್ ಆಗಿದ್ದ ಒಂದು ಗುಂಡಿ

ಅವರ ಫೋನನ್ನು ಕೈಗೆ ತೆಗೆದುಕೊಂಡವನು ತಂಗಿಯ ಮಗ. ಅವನು ಕೇಳಿದ ಮೊದಲ ಪ್ರಶ್ನೆಯೇ ಸರಿಯಾದದ್ದು: “ಮಾವ, ದುಬೈಯಲ್ಲಿ ಯಾರಾದರೂ ಸೆಟ್ಟಿಂಗ್ ಮುಟ್ಟಿದ್ರಾ?”

“ಹೋದ ದಿನವೇ ಮಗ ಏನೋ ಮಾಡಿಕೊಟ್ಟಿದ್ದ ಮಾರಾಯ. ಪ್ಯಾಕ್ ಇದರಲ್ಲಿ ಮಾತ್ರ ನಡೆಯುವುದು ಅಂತ ಹೇಳಿದ.”

ಕಾರಣ ಅಲ್ಲೇ ಸಿಕ್ಕಿತು. ನಮ್ಮ ಕಂಪನಿಗಳು ಮಾರುವ ರೋಮಿಂಗ್ ಪ್ಯಾಕ್‌ಗಳಲ್ಲಿ ಕೆಲವು ಆ ದೇಶದ ನಿರ್ದಿಷ್ಟ ಕಂಪನಿಯ ನೆಟ್‌ವರ್ಕ್‌ನಲ್ಲಿ ಮಾತ್ರ ಅನ್ವಯವಾಗುತ್ತವೆ. ಬೇರೆ ಕಂಪನಿಗೆ ಜಾರಿದರೆ ದುಬಾರಿ ದರ. ಹಾಗಾಗಿ ಮಗ ಸ್ವಯಂಚಾಲಿತ ಆಯ್ಕೆಯ ಗುಂಡಿ ಆಫ್ ಮಾಡಿ, ಪ್ಯಾಕ್‌ಗೆ ಒಪ್ಪುವ ಕಂಪನಿಯನ್ನು ಕೈಯಿಂದ ಆರಿಸಿಕೊಟ್ಟಿದ್ದ. ದುಬೈಯಲ್ಲಿ ಅದು ಸರಿಯಾದ ಕೆಲಸವೇ. ಆದರೆ ಹಾಗೆ ಆರಿಸಿದರೆ ಫೋನಿಗೆ ಹೇಳಿದಂತಾಗುವುದು, ‘ಇದನ್ನು ಬಿಟ್ಟು ಬೇರೆಲ್ಲಿಗೂ ಹೋಗಬೇಡ’ ಎಂದು. ಮಂಗಳೂರಿಗೆ ಬಂದ ಮೇಲೂ ಫೋನು ಆ ಮಾತನ್ನು ಪಾಲಿಸಿತು, ಅಷ್ಟೆ. ಹೆಂಡತಿಯ ಫೋನಿಗೆ ವೈಫೈ ಸಾಕೆಂದು ಅದನ್ನು ಯಾರೂ ಮುಟ್ಟಿರಲಿಲ್ಲ. ಅದು ತಾನಾಗಿ ತವರಿಗೆ ಸೇರಿಕೊಂಡಿತು.

ಈ ಗುಂಡಿ ಎಲ್ಲಿದೆ ಎಂದು ತಿಳಿದಿರಬೇಕು. ಅವರದು ಸ್ಯಾಮ್‌ಸಂಗ್ ಫೋನು. ಅದರಲ್ಲಿ ದಾರಿ ಹೀಗೆ:

```
Settings > Connections > Mobile networks >
Network operators > Select automatically
```

ಪಿಕ್ಸೆಲ್‌ನಂಥ ಫೋನುಗಳಲ್ಲಿ:

```
Settings > Network & internet > SIMs >
Automatically select network
```

ಐಫೋನಿನಲ್ಲಿ `Settings` ಒಳಗಿನ ಮೊಬೈಲ್ ಸೇವೆಯ ವಿಭಾಗಕ್ಕೆ ಹೋಗಿ, ಅಲ್ಲಿ ಸಂಬಂಧಪಟ್ಟ ಸಿಮ್ ಆರಿಸಿ, `Network Selection` ತೆರೆದರೆ `Automatic` ಎಂಬ ಗುಂಡಿ ಸಿಗುತ್ತದೆ. ಬೇರೆ ಆಂಡ್ರಾಯ್ಡ್ ಫೋನುಗಳಲ್ಲಿ ಹೆಸರು ಸ್ವಲ್ಪ ಬದಲಾಗಬಹುದು. ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಪಟ್ಟಿಯಲ್ಲಿ `network` ಎಂದು ಬರೆದರೆ ದಾರಿ ಕಾಣುತ್ತದೆ. ಎರಡು ಸಿಮ್ ಇದ್ದರೆ ಪ್ರತಿ ಸಿಮ್‌ಗೂ ಈ ಗುಂಡಿ ಬೇರೆ ಬೇರೆ ಇರುತ್ತದೆ, ಸರಿಯಾದ ಸಿಮ್ ನೋಡಿ ಒತ್ತಬೇಕು.

ಅಳಿಯ ಗುಂಡಿ ಆನ್ ಮಾಡಿದ. ಆಮೇಲೆ ಫೋನನ್ನು ಪೂರ್ತಿ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿದ. ಎರಡನೆಯ ನಿಮಿಷದಲ್ಲಿ ಊರಿನ ಕಂಪನಿಯ ಹೆಸರು ಬಂತು, ಗಡಿಯಾರ ಒಂದೂವರೆ ಗಂಟೆ ಮುಂದಕ್ಕೆ ಹಾರಿತು, ಬೆಳಗ್ಗಿನಿಂದ ಕಾದಿದ್ದ ಸಂದೇಶಗಳು ಒಂದರ ಹಿಂದೊಂದು ಸದ್ದು ಮಾಡಿದವು. ಹೆಸರು, ಗಡಿಯಾರ, ಸಂದೇಶ ಈ ಮೂರೂ ಸರಿಯಾದರೆ ಫೋನು ತವರಿಗೆ ಸೇರಿತೆಂದೇ ಅರ್ಥ. ಆದರೂ ಬೇರೆ ಫೋನಿನಿಂದ ಒಂದು ಕರೆ ಮಾಡಿ ನೋಡಬೇಕು. ಹೊರಹೋಗುವ ಕರೆ ಸರಿಯಿದ್ದು ಒಳಬರುವ ಕರೆ ತಪ್ಪುವುದುಂಟು. ಹೊರಡುವ ಮುಂಚೆ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸಿಟ್ಟಿದ್ದರೆ, ಅಂದರೆ ಕಾಲ್ ಫಾರ್ವರ್ಡಿಂಗ್ ಹಾಕಿದ್ದರೆ, ಅದು ಊರಿಗೆ ಬಂದ ಮೇಲೂ ಹಾಗೆಯೇ ಉಳಿದಿರುತ್ತದೆ.

ಪೂರ್ತಿ ಆಫ್ ಮಾಡುವುದಕ್ಕೆ ತಾಂತ್ರಿಕ ಕಾರಣವಿದೆ. ನೆಟ್‌ವರ್ಕ್ ಒಂದು ಸಿಮ್ ಅನ್ನು ಕೆಲವು ಬಗೆಯ ಕಾರಣ ಕೊಟ್ಟು ನಿರಾಕರಿಸಿದರೆ, ‘ಈ ಸಿಮ್ ನಡೆಯುವುದಿಲ್ಲ’ ಎಂದು ಫೋನು ಗುರುತು ಹಾಕಿಕೊಳ್ಳುತ್ತದೆ. ಫೋನು ಆಫ್ ಆಗುವವರೆಗೆ ಅಥವಾ ಸಿಮ್ ಹೊರತೆಗೆಯುವವರೆಗೆ ಮತ್ತೆ ಪ್ರಯತ್ನಿಸುವುದೇ ಇಲ್ಲ. ಫ್ಲೈಟ್ ಮೋಡ್ ಹಾಕಿ ತೆಗೆದದ್ದು ಕೆಲಸಕ್ಕೆ ಬಾರದೆ, ಆಫ್ ಮಾಡಿ ಆನ್ ಮಾಡಿದ್ದು ಕೆಲಸಕ್ಕೆ ಬಂದರೆ ಇದೂ ಕಾರಣವಾಗಿರಬಹುದು.

R ಕಂಡದ್ದೆಲ್ಲ ದೋಷವಲ್ಲ

ಕೊಲ್ಲಿಯಲ್ಲಿ ಕೆಲಸ ಮಾಡುವವರು ರಜೆಗೆ ಊರಿಗೆ ಬಂದಾಗ ಅವರ ಫೋನಿನಲ್ಲಿ ಸಾಮಾನ್ಯವಾಗಿ ಎರಡು ಸಿಮ್ ಇರುತ್ತವೆ, ಒಂದು ಅಲ್ಲಿಯದು, ಒಂದು ಊರಿನದು. ಇಲ್ಲಿ ಇಳಿದ ಮೇಲೆ ಅಲ್ಲಿನ ಸಿಮ್‌ನ ಪಕ್ಕ R ಬಂದೇ ಬರುತ್ತದೆ, ಬರಲೇಬೇಕು. ಆ ಸಿಮ್‌ಗೆ ತವರು ದುಬೈ, ಪರದೇಶ ಭಾರತ. ಇದನ್ನು ಸರಿಪಡಿಸಲು ಹೊರಟರೆ ಸರಿಯಿದ್ದುದೂ ಕೆಡುತ್ತದೆ. ನೋಡಬೇಕಾದದ್ದು ಡೇಟಾ ಯಾವ ಸಿಮ್‌ನಿಂದ ಹೋಗುತ್ತಿದೆ ಎಂಬುದನ್ನು. ಮೊಬೈಲ್ ಡೇಟಾಕ್ಕೆ ಊರಿನ ಸಿಮ್ ಆರಿಸಿ, ಕೊಲ್ಲಿಯ ಸಿಮ್‌ನ ಡೇಟಾ ರೋಮಿಂಗ್ ಆಫ್ ಮಾಡಬೇಕು. ಒಂದು ಸಿಮ್‌ನಲ್ಲಿ ಸಿಗ್ನಲ್ ಕುಂದಿದಾಗ ಇನ್ನೊಂದರ ಡೇಟಾಕ್ಕೆ ತಾನಾಗಿ ಹೊರಳುವ ಸೌಲಭ್ಯ ಈಗಿನ ಫೋನುಗಳಲ್ಲಿದೆ. ಐಫೋನಿನಲ್ಲಿ ಅದರ ಹೆಸರು `Allow Mobile Data Switching`. ರಜೆ ಮುಗಿಯುವವರೆಗೆ ಅದನ್ನೂ ಆಫ್ ಮಾಡಿಡುವುದು ಕ್ಷೇಮ.

ಪ್ರವಾಸಕ್ಕೆಂದು ಇಸಿಮ್ ಕೊಂಡವರಿಗೂ ಇದೇ ಗೊಂದಲ. ಯುರೋಪಿಗೆಂದು ಹಾಕಿಸಿಕೊಂಡ ಇಸಿಮ್ ಊರಿಗೆ ಬಂದ ಮೇಲೂ ಆನ್ ಇದ್ದು, ಡೇಟಾಕ್ಕೆ ಅದೇ ಆಯ್ಕೆಯಾಗಿದ್ದರೆ ಕರೆ ಎಲ್ಲ ಸರಿಯಿದ್ದೂ ಇಂಟರ್‌ನೆಟ್ ಮಾತ್ರ ನಡೆಯುವುದಿಲ್ಲ. ಆ ಇಸಿಮ್ ಅನ್ನು ಆಫ್ ಮಾಡಿ ಡೇಟಾವನ್ನು ಊರಿನ ಸಿಮ್‌ಗೆ ಬದಲಿಸಿದರೆ ಮುಗಿಯಿತು. ಮುಂದೆ ಬೇಕಾಗದೆಂದು ಖಚಿತವಾಗುವವರೆಗೆ ಅಳಿಸಬೇಡಿ. ಅಳಿಸಿದ ಇಸಿಮ್ ಅನ್ನು ಅದೇ ಕ್ಯೂಆರ್ ಕೋಡ್‌ನಿಂದ ಮತ್ತೆ ಹಾಕಿಸಿಕೊಳ್ಳಲು ಹಲವು ಕಂಪನಿಗಳು ಬಿಡುವುದಿಲ್ಲ.

ಇನ್ನೊಂದು R ಉಂಟು. ಕರ್ನಾಟಕದ ಸಿಮ್ ಇಟ್ಟುಕೊಂಡು ಮುಂಬೈಯಲ್ಲೋ ದೆಹಲಿಯಲ್ಲೋ ಇಳಿದರೆ, ವಲಯದ ಅಂಕಿ ಬೇರೆಯಾದ್ದರಿಂದ ಕೆಲವು ಫೋನುಗಳಲ್ಲಿ ಅಲ್ಲೂ R ಕಾಣುತ್ತದೆ. ಕಂಪನಿಯ ಹೆಸರು ನಿಮ್ಮದೇ ಆಗಿದ್ದರೆ ಅದು ದೇಶದೊಳಗಿನ ರೋಮಿಂಗ್, ಚಿಂತೆ ಬೇಡ. ಆದರೆ ಡೇಟಾ ರೋಮಿಂಗ್ ಆಫ್ ಇದ್ದರೆ ಅಲ್ಲಿ ಇಂಟರ್‌ನೆಟ್ ನಿಲ್ಲಬಹುದು. ವಿದೇಶದಲ್ಲಿ ಬಿಲ್ಲಿಗೆ ಹೆದರಿ ಆಫ್ ಮಾಡಿದವರು ಇದನ್ನು ನೆನಪಿನಲ್ಲಿಡಬೇಕು.

ಆದರೂ ಸೇರದಿದ್ದರೆ

ಸ್ವಯಂಚಾಲಿತ ಆಯ್ಕೆ ಆನ್ ಇದೆ, ಫೋನನ್ನು ಆಫ್ ಮಾಡಿ ಆನ್ ಮಾಡಿದ್ದೂ ಆಯಿತು, ಆದರೂ ನೆಟ್‌ವರ್ಕ್ ಇಲ್ಲ ಎಂದರೆ ಮುಂದಿನ ಹೆಜ್ಜೆ ಕೈಯಾರೆ ಹುಡುಕುವುದು. ಮೇಲೆ ಹೇಳಿದ ಅದೇ ಜಾಗದಲ್ಲಿ ಸ್ವಯಂಚಾಲಿತವನ್ನು ಆಫ್ ಮಾಡಿ. ಫೋನು ಸುತ್ತಲಿನ ಎಲ್ಲ ನೆಟ್‌ವರ್ಕ್‌ಗಳನ್ನೂ ಹುಡುಕಿ ಪಟ್ಟಿ ಕೊಡುತ್ತದೆ. ಎರಡು ಮೂರು ನಿಮಿಷ ಹಿಡಿಯಬಹುದು, ನಡುವೆ ನಿಲ್ಲಿಸಬಾರದು. ಕೆಲವೊಮ್ಮೆ ಹೆಸರಿನ ಬದಲು 404 ಅಥವಾ 405ರಿಂದ ಆರಂಭವಾಗುವ ಅಂಕಿ ಮಾತ್ರ ಕಾಣುತ್ತದೆ. ಪಟ್ಟಿಯಲ್ಲಿ ನಿಮ್ಮ ಕಂಪನಿಯನ್ನು ಒತ್ತಿ. ಸೇರಿಕೊಂಡ ಮೇಲೆ ಮತ್ತೆ ಸ್ವಯಂಚಾಲಿತಕ್ಕೆ ತನ್ನಿ.

ಹೀಗೆ ಮಾಡುವುದರಿಂದ ಸಿಮ್‌ನ ದಾಖಲೆಯೂ ಶುದ್ಧವಾಗುತ್ತದೆ. ಸಿಮ್‌ನಲ್ಲಿ ‘ನಿಷಿದ್ಧ ನೆಟ್‌ವರ್ಕ್’ಗಳ ಸಣ್ಣದೊಂದು ಪಟ್ಟಿ ಇರುತ್ತದೆ. ಯಾವುದಾದರೂ ನೆಟ್‌ವರ್ಕ್ ‘ನಿಮಗಿಲ್ಲಿ ಅನುಮತಿಯಿಲ್ಲ’ ಎಂದು ಹಿಂದಕ್ಕೆ ಕಳಿಸಿದರೆ ಅದರ ಅಂಕಿ ಈ ಪಟ್ಟಿಗೆ ಸೇರುತ್ತದೆ, ಸ್ವಯಂಚಾಲಿತ ಆಯ್ಕೆಯಲ್ಲಿ ಫೋನು ಮತ್ತೆ ಅದರ ಬಾಗಿಲು ತಟ್ಟುವುದಿಲ್ಲ. ಫೋನನ್ನು ಎಷ್ಟು ಸಲ ಆಫ್ ಮಾಡಿದರೂ ಈ ಪಟ್ಟಿ ಸಿಮ್‌ನಲ್ಲೇ ಉಳಿಯುತ್ತದೆ. ಆದರೆ ನಾವು ಕೈಯಿಂದ ಆರಿಸಿದರೆ ಫೋನು ಪಟ್ಟಿಯನ್ನು ಲೆಕ್ಕಿಸದೆ ಪ್ರಯತ್ನಿಸುತ್ತದೆ. ಆ ಪ್ರಯತ್ನ ಗೆದ್ದರೆ ಆ ಅಂಕಿ ಪಟ್ಟಿಯಿಂದ ಅಳಿಸಿಹೋಗುತ್ತದೆ.

ಪಟ್ಟಿಯಲ್ಲಿ ನಿಮ್ಮ ಕಂಪನಿಯೇ ಕಾಣದಿದ್ದರೆ ನೆಟ್‌ವರ್ಕ್ ಮೋಡ್ ನೋಡಿ. ಹೊರಗೆ ಹೋದಾಗ ಡೇಟಾ ಉಳಿಸಲೆಂದೋ ಕರೆ ಸರಿಯಾಗಲೆಂದೋ ಕೆಲವರು ಅದನ್ನು 3ಜಿ ಮಾತ್ರ ಅಥವಾ 2ಜಿ ಮಾತ್ರ ಎಂದು ಬದಲಿಸಿರುತ್ತಾರೆ. ಜಿಯೋಗೆ 2ಜಿ, 3ಜಿ ಟವರ್‌ಗಳೇ ಇಲ್ಲ. ಏರ್‌ಟೆಲ್ 3ಜಿ ಸೇವೆಯನ್ನು ನಿಲ್ಲಿಸಿ ವರ್ಷಗಳಾದವು. ‘3ಜಿ ಮಾತ್ರ’ ಎಂದಿಟ್ಟ ಫೋನಿಗೆ ಇವು ಪಕ್ಕದಲ್ಲೇ ಇದ್ದರೂ ಕಾಣಿಸುವುದಿಲ್ಲ. 5ಜಿ, 4ಜಿ, 3ಜಿ, 2ಜಿ ಎಲ್ಲವೂ ಸೇರಿರುವ, ಪಟ್ಟಿಯ ಮೊದಲ ಆಯ್ಕೆಗೆ ತಂದಿಡಿ.

ಇಷ್ಟಾದರೂ ಆಗದಿದ್ದರೆ ಸಿಮ್ ತೆಗೆದು ಬೇರೊಂದು ಫೋನಿಗೆ ಹಾಕಿ ನೋಡಬೇಕು. ತೊಂದರೆ ಎಲ್ಲಿದೆ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ಹೇಳುವ ಪರೀಕ್ಷೆ ಬೇರೊಂದಿಲ್ಲ. ಆ ಫೋನಿನಲ್ಲಿ ಸಿಮ್ ನಡೆದರೆ ಸಿಮ್ ಸರಿಯಿದೆ, ಕಂಪನಿಯೂ ಸರಿಯಿದೆ, ತೊಂದರೆ ಇರುವುದು ನಿಮ್ಮ ಫೋನಿನಲ್ಲಿ. ಅಲ್ಲಿ ಸೇರಿಕೊಂಡಾಗ ಸಿಮ್‌ನ ‘ಕೊನೆಗೆ ಎಲ್ಲಿದ್ದೆ’ ಎಂಬ ದಾಖಲೆಯೂ ಹೊಸದಾಗುವುದರಿಂದ, ಮರಳಿ ನಿಮ್ಮ ಫೋನಿಗೆ ಹಾಕಿದಾಗ ತಾನಾಗಿ ಸರಿಹೋಗುವುದೂ ಉಂಟು. ಬೇರೆ ಫೋನಿನಲ್ಲೂ ನಡೆಯದಿದ್ದರೆ ಸೆಟ್ಟಿಂಗ್ಸ್ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ ಕಂಪನಿಯನ್ನು ಸಂಪರ್ಕಿಸಬೇಕು.

ತೊಂದರೆ ಫೋನಿನದೇ ಎಂದು ಗೊತ್ತಾದ ಮೇಲಷ್ಟೇ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್. ಐಫೋನಿನಲ್ಲಿ ಇದು `General` ಒಳಗಿನ `Transfer or Reset iPhone` ಎಂಬಲ್ಲಿ `Reset Network Settings` ಎಂದಿದೆ. ಆಂಡ್ರಾಯ್ಡ್‌ನಲ್ಲಿ ರೀಸೆಟ್ ಆಯ್ಕೆಗಳ ನಡುವೆ ಇದೇ ಅರ್ಥದ ಸಾಲು ಇರುತ್ತದೆ. ಫೋಟೊ, ಸಂಪರ್ಕ ಸಂಖ್ಯೆ, ವಾಟ್ಸಾಪ್ ಏನೂ ಅಳಿಯುವುದಿಲ್ಲ. ಆದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಹೋಗಬಹುದು. ಅವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಇಸಿಮ್‌ಗಳನ್ನೂ ಅಳಿಸಬೇಕೇ ಎಂದು ಫೋನು ಕೇಳಿದರೆ ಬೇಡ ಎನ್ನಿ.

ಕಂಪನಿಗೆ ಏನು ಹೇಳಬೇಕು

ಸಿಮ್ ಎಲ್ಲೂ ನಡೆಯದಿರುವುದಕ್ಕೆ ಎರಡು ಮುಖ್ಯ ಕಾರಣ. ಒಂದು, ಕಂಪನಿಯ ದಾಖಲೆಯಲ್ಲಿ ನೀವಿನ್ನೂ ವಿದೇಶದಲ್ಲೇ ಸಿಕ್ಕಿಕೊಂಡಿರುವುದು. ಇನ್ನೊಂದು, ನಂಬರೇ ನಿಂತುಹೋಗಿರುವುದು. 90 ದಿನ ಯಾವ ಬಳಕೆಯೂ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ನಿಷ್ಕ್ರಿಯಗೊಳಿಸಬಹುದು. ಮಕ್ಕಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಊರಿನ ಸಿಮ್ ಅನ್ನು ಪರ್ಸಿನಲ್ಲಿಟ್ಟವರಿಗೆ ಹೀಗಾಗುವ ಸಂಭವ ಹೆಚ್ಚು. ಆಗ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಆ ನಂಬರ್ ಮರಳಿ ಸಿಗುವುದೇ ಎಂದು ಗುರುತಿನ ಚೀಟಿ ಹಿಡಿದು ಅಂಗಡಿಗೆ ಹೋಗಿಯೇ ಕೇಳಬೇಕು.

ಕಂಪನಿಯ ಕಾಲ್ ಸೆಂಟರ್‌ಗೆ ಮನೆಯ ಬೇರೆ ನಂಬರಿನಿಂದ ಕರೆ ಮಾಡಿ. ಅದೇ ಕಂಪನಿಯ ನಂಬರ್ ಆದರೆ ದೂರಿಗೆಂದೇ ಇರುವ 198ಕ್ಕೆ ಮಾಡಬಹುದು. ‘ನೆಟ್‌ವರ್ಕ್ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಫೋನ್ ಆಫ್ ಮಾಡಿ ಆನ್ ಮಾಡಿ ಎಂಬಲ್ಲಿಗೆ ಮಾತು ಮುಗಿದುಬಿಡುತ್ತದೆ. ಹೀಗೆ ಹೇಳಿ: ಇಂಥ ದಿನ ಇಂಥ ದೇಶದಿಂದ ಮರಳಿದೆ. ಅಲ್ಲಿ ಇಂಥ ಕಂಪನಿಯಲ್ಲಿ ರೋಮಿಂಗ್ ಇತ್ತು. ಈಗ ಪರದೆಯ ಮೇಲೆ ಇಂಥ ಸಾಲು ಬರುತ್ತಿದೆ. ಸ್ವಯಂಚಾಲಿತ ಆಯ್ಕೆ ಆನ್ ಇದೆ, ಕೈಯಿಂದ ಆರಿಸಿದರೂ ಸೇರುತ್ತಿಲ್ಲ. ಬೇರೆ ಫೋನಿನಲ್ಲೂ ಸಿಮ್ ನಡೆಯಲಿಲ್ಲ. ಎಚ್‌ಎಲ್‌ಆರ್‌ನಲ್ಲಿ ನನ್ನ ಹಳೆಯ ಲೊಕೇಶನ್ ತೆಗೆದು ರಿಫ್ರೆಶ್ ಮಾಡಿ. ಈ ಕೊನೆಯ ಮಾತು ಕೇಳಿದರೆ, ಅದನ್ನು ತಾಂತ್ರಿಕ ವಿಭಾಗಕ್ಕೆ ದಾಟಿಸಬೇಕೆಂದು ಅವರಿಗೆ ಗೊತ್ತಾಗುತ್ತದೆ. ದೂರಿನ ಸಂಖ್ಯೆ ಬರೆದುಕೊಳ್ಳಿ. ರಿಫ್ರೆಶ್ ಆಯಿತೆಂದು ಹೇಳಿದ ಮೇಲೆ ಇನ್ನೊಮ್ಮೆ ಫೋನನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಬೇಕು. ಆಗಲೂ ಆಗದಿದ್ದರೆ ಮಾತ್ರ ಅದೇ ನಂಬರಿಗೆ ಹೊಸ ಸಿಮ್ ಪಡೆಯುವ ಮಾತು.

ಫೋನಿನಲ್ಲಿ ವೈಫೈ ಕಾಲಿಂಗ್ ಇದ್ದರೆ, ಕಂಪನಿ ಆ ಸೌಲಭ್ಯ ಕೊಡುತ್ತಿದ್ದರೆ, ಅದನ್ನು ಆನ್ ಮಾಡಿ ಮನೆಯ ವೈಫೈಗೆ ಸೇರಿಸಿ ನೋಡಿ. ಟವರಿಗೆ ಸೇರದ ಫೋನಿಗೂ ಕೆಲವು ಸಲ ಆ ದಾರಿಯಿಂದ ಕರೆ, ಎಸ್‌ಎಂಎಸ್ ಬರುತ್ತವೆ, ತುರ್ತಿನ ಒಟಿಪಿಗೆ ಅಷ್ಟು ಸಾಕು. ಯಾರಿಗಾದರೂ ಅಪಾಯ ಒದಗಿದರೆ ಇದಾವುದಕ್ಕೂ ಕಾಯಬೇಕಿಲ್ಲ. `Emergency calls only` ಎಂದು ತೋರಿಸುತ್ತಿರುವ ಫೋನಿನಿಂದಲೂ 112ಕ್ಕೆ ಕರೆ ಮಾಡಬಹುದು, ಸಿಗ್ನಲ್ ಇರುವ ಯಾವ ಕಂಪನಿಯ ಟವರಾದರೂ ಅದನ್ನು ತೆಗೆದುಕೊಳ್ಳುತ್ತದೆ.

ಇನ್ನು, ಮುಂದಿನ ಸಲ ತಂದೆ ತಾಯಿಯನ್ನು ವಿದೇಶದಿಂದ ವಿಮಾನ ಹತ್ತಿಸುವ ಮಕ್ಕಳು ಬೋರ್ಡಿಂಗ್ ಪಾಸ್ ಕೈಗಿಡುವ ಹೊತ್ತಿಗೆ ಅವರ ಫೋನನ್ನೊಮ್ಮೆ ತೆಗೆದುಕೊಂಡು, ನೆಟ್‌ವರ್ಕ್ ಆಯ್ಕೆಯನ್ನು ಸ್ವಯಂಚಾಲಿತಕ್ಕೆ, ನೆಟ್‌ವರ್ಕ್ ಮೋಡನ್ನು ಮೊದಲಿನಂತೆ, ಡೇಟಾವನ್ನು ಊರಿನ ಸಿಮ್‌ಗೆ ಬದಲಿಸಿಕೊಡಿ. ಅಲ್ಲಿ ಒಂದು ನಿಮಿಷದ ಕೆಲಸ. ಇಲ್ಲಿ ಇಳಿದ ಮೇಲೆ, ನೆಟ್‌ವರ್ಕ್ ಇಲ್ಲದೆ, ಯಾರನ್ನು ಕೇಳಬೇಕೆಂದೂ ತಿಳಿಯದ ಹಿರಿಯರಿಗೆ ಅದೇ ಒಂದು ದಿನದ ಪರದಾಟ.